ಅರವತ್ತರ ಗೆರೆ: ಉಳಿದ ಸೆಮಿಸ್ಟರ್‌ಗಳ ಲೆಕ್ಕ ಹಾಕುವುದು ಹೇಗೆ?

(ಕೊಪ್ಪಳದಲ್ಲಿ ಪೋಷಕರು ಹಾಗೂ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಸಭೆಯಲ್ಲಿ ನಿವೃತ್ತ ಗಣಿತ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ಮಹತ್ವದ ಕುರಿತು ಮಾತನಾಡಲು ನಾನಿಲ್ಲಿ ನಿಂತಿಲ್ಲ. ಆ ಮಹತ್ವವನ್ನು ತಿಳಿದೇ ನೀವು ಮಕ್ಕಳನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದ್ದೀರಿ. ಕೆಲವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಪಡೆದಿದ್ದೀರಿ, ಕೆಲವರು ಮನೆಯ ಚಿನ್ನ ಅಡವಿಟ್ಟಿದ್ದೀರಿ. ನಾನು ಹೇಳಬೇಕೆಂದಿರುವುದು ಒಂದು ಲೆಕ್ಕದ ವಿಷಯ. ಈ ಲೆಕ್ಕ ಏಳನೆಯ ತರಗತಿಯ ಹುಡುಗನಿಗೂ ಬರುವಂಥದ್ದು. ಆದರೆ ಅದನ್ನು ಸಕಾಲದಲ್ಲಿ ಹಾಕದಿದ್ದುದರಿಂದ ಒಂದು ಮನೆಯಲ್ಲಿ ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ.

ಕುಷ್ಟಗಿಯ ಕಡೆಯ ಒಂದು ಕುಟುಂಬ. ತಂದೆ ಹೊಲಿಗೆ ಕೆಲಸ ಮಾಡುವವರು. ಹಿರಿಯ ಮಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ನಾವೆಲ್ಲ ವಿಟಿಯು ಎಂದು ಕರೆಯುವ ವಿಶ್ವವಿದ್ಯಾಲಯದ 2018ರ ಸ್ಕೀಮ್‌ನಲ್ಲಿ ಓದಿದವನು. ಆರು ಸೆಮಿಸ್ಟರ್ ಮುಗಿದಾಗ ಅವನ ಸಿಜಿಪಿಎ 6.4 ಇತ್ತು. ಹತ್ತರಿಂದ ಗುಣಿಸಿದರೆ 64 ಎಂದು ಅವನೂ ತಿಳಿದ, ಮನೆಯವರೂ ತಿಳಿದರು. ಏಳನೆಯ ಸೆಮಿಸ್ಟರ್‌ನ ಆರಂಭದಲ್ಲಿ ಕ್ಯಾಂಪಸ್ ಆಯ್ಕೆಗೆ ಕಂಪನಿಯೊಂದು ಬಂದಿತು. ಶೇಕಡಾ 60 ಇದ್ದವರಿಗೆ ಮಾತ್ರ ಪರೀಕ್ಷೆಗೆ ಅವಕಾಶ ಎಂದಿತ್ತು. ಅರ್ಹರ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ವಿಚಾರಿಸಿದಾಗ ತಿಳಿದುದೇನೆಂದರೆ, ಅವನ ಶೇಕಡಾವಾರು ಅಂಕ 64 ಅಲ್ಲ, 56.5. ಆ ಹೊತ್ತಿಗೆ ಮಾಡಬಹುದಾದುದು ಏನೂ ಉಳಿದಿರಲಿಲ್ಲ. ಈಗ ಅವನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ದುಡಿಮೆಯಲ್ಲಿ ಅವಮಾನವಿಲ್ಲ. ಆದರೆ ಪರೀಕ್ಷೆ ಬರೆದು ಸೋತವನ ನೋವು ಬೇರೆ, ಪರೀಕ್ಷೆಯ ಬಾಗಿಲಿಗೇ ಹೋಗಲಾಗದವನ ನೋವು ಬೇರೆ.

ಅದೇ ಮನೆಯ ಮಗಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಆಕೆಯ ನಾಲ್ಕು ಸೆಮಿಸ್ಟರ್‌ಗಳು ಮುಗಿದಾಗ ತಂದೆ ಆಕೆಯ ಅಂಕಪಟ್ಟಿಗಳನ್ನು ಹಿಡಿದು ನನ್ನಲ್ಲಿಗೆ ಬಂದರು. "ಸರ್, ನಮ್ಮ ಹುಡುಗಿದು ಅರವತ್ತರ ಮ್ಯಾಲೈತಿ ಅಂತಾಳ್ರಿ. ಅವರಣ್ಣನೂ ಹಂಗ ಅಂತಿದ್ದ. ನೀವ ಒಮ್ಮೆ ನೋಡಿ ಹೇಳ್ರಿ" ಎಂದರು. ಅಂದು ಅವರ ಎದುರಿಗೆ ಕುಳಿತು ಹಾಕಿದ ಲೆಕ್ಕವನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಅಣ್ಣನ ವಿಷಯದಲ್ಲಿ ತಪ್ಪಿದ್ದು ಎಲ್ಲಿ? ವಿಟಿಯುವಿನ 2015 ಮತ್ತು 2018ರ ಸ್ಕೀಮ್‌ಗಳಲ್ಲಿ ಸಿಜಿಪಿಎಯನ್ನು ಶೇಕಡಾಕ್ಕೆ ಪರಿವರ್ತಿಸುವ ಸೂತ್ರ ಹೀಗಿತ್ತು: (CGPA − 0.75) × 10. ಅಂದರೆ ಮೊದಲು ಮುಕ್ಕಾಲು ಅಂಶವನ್ನು ಕಳೆಯಬೇಕು, ನಂತರ ಹತ್ತರಿಂದ ಗುಣಿಸಬೇಕು. 6.4ರಲ್ಲಿ 0.75 ಕಳೆದರೆ 5.65, ಹತ್ತರಿಂದ ಗುಣಿಸಿದರೆ 56.5. ಈ ಮುಕ್ಕಾಲು ಅಂಶ ಒಂದು ವಿಶ್ವವಿದ್ಯಾಲಯದ ವಿಚಿತ್ರ ನಿಯಮವೇನೂ ಅಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ, ಅಂದರೆ ಎಐಸಿಟಿಇಯ ಕೈಪಿಡಿಯ ಪಟ್ಟಿಯಲ್ಲೂ 6.25 ಎಂದರೆ ಶೇಕಡಾ 55, 6.75 ಎಂದರೆ ಶೇಕಡಾ 60, 7.25 ಎಂದರೆ ಶೇಕಡಾ 65 ಎಂದಿದೆ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಎಲ್ಲ ಸ್ಕೀಮ್‌ಗಳಲ್ಲೂ ಇದನ್ನೇ ಅನುಸರಿಸುವುದಿಲ್ಲ. ನೇರವಾಗಿ ಹತ್ತರಿಂದ ಗುಣಿಸುವ ನಿಯಮವೂ ಇದೆ. ಅಂಥಲ್ಲಿ 6.0 ಇದ್ದರೆ ಸಾಕು, ಶೇಕಡಾ 60 ಆಗುತ್ತದೆ.

ಆದ್ದರಿಂದ ಲೆಕ್ಕದ ಮೊದಲ ಹೆಜ್ಜೆ ಗುಣಾಕಾರವಲ್ಲ, ವಿಚಾರಣೆ. ನಿಮ್ಮ ಮಗ ಅಥವಾ ಮಗಳು ಯಾವ ವರ್ಷದ ಸ್ಕೀಮ್‌ನಲ್ಲಿದ್ದಾರೆ, ಆ ಸ್ಕೀಮ್‌ನ ನಿಯಮಾವಳಿಯಲ್ಲಿ ಪರಿವರ್ತನೆಯ ಸೂತ್ರ ಯಾವುದು ಎಂಬುದನ್ನು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೇಳಿ ಬರೆದುಕೊಳ್ಳಿ. ಸೀನಿಯರ್ ಹೇಳಿದ್ದು ಸಾಲದು, ಏಕೆಂದರೆ ಆ ಸೀನಿಯರ್ ಬೇರೆ ಸ್ಕೀಮ್‌ನವನಾಗಿರಬಹುದು. ಅಣ್ಣನ ಸೂತ್ರವೇ ತಂಗಿಗೂ ಅನ್ವಯಿಸುತ್ತದೆಂದು ನಾನೂ ಊಹಿಸಲಿಲ್ಲ. ಪರೀಕ್ಷಾ ವಿಭಾಗಕ್ಕೆ ಬರೆದು ಕೇಳಲು ಹೇಳಿ, ಉತ್ತರ ಬರುವವರೆಗೆ ಎರಡೂ ಸೂತ್ರಗಳಿಂದ ಲೆಕ್ಕ ಹಾಕಿದೆ.

ಇನ್ನು ಎರಡನೆಯ ಹೆಜ್ಜೆ. ಸೆಮಿಸ್ಟರ್‌ಗೆ ಬರುವ ಸರಾಸರಿಯನ್ನು ಎಸ್‌ಜಿಪಿಎ ಎನ್ನುತ್ತಾರೆ. ಎಲ್ಲ ಸೆಮಿಸ್ಟರ್‌ಗಳನ್ನು ಸೇರಿಸಿದ ಸರಾಸರಿ ಸಿಜಿಪಿಎ. ಇವೆರಡರ ನಡುವಿನ ಕೊಂಡಿ ಕ್ರೆಡಿಟ್. ಪ್ರತಿ ವಿಷಯಕ್ಕೂ ಇಂತಿಷ್ಟು ಕ್ರೆಡಿಟ್ ಇರುತ್ತದೆ; ಅದನ್ನು ವಿಷಯದ ತೂಕ ಎಂದು ತಿಳಿಯಿರಿ. ತಕ್ಕಡಿಯಲ್ಲಿ ನಾಲ್ಕು ಸೇರು ತೂಗುವ ವಿಷಯದಲ್ಲಿ ಕಳೆದುಕೊಂಡದ್ದನ್ನು ಒಂದು ಸೇರಿನ ವಿಷಯದಲ್ಲಿ ತುಂಬಿಕೊಳ್ಳಲಾಗದು. ಹೀಗಾಗಿ ಎಸ್‌ಜಿಪಿಎಗಳನ್ನು ಸುಮ್ಮನೆ ಕೂಡಿಸಿ ಭಾಗಿಸಬಾರದು. ಪ್ರತಿ ಎಸ್‌ಜಿಪಿಎಯನ್ನು ಆ ಸೆಮಿಸ್ಟರ್‌ನ ಕ್ರೆಡಿಟ್‌ಗಳಿಂದ ಗುಣಿಸಬೇಕು. ಬಂದುದನ್ನು ನಾನು 'ಗಳಿಕೆ' ಎಂದು ಕರೆಯುತ್ತೇನೆ. ಗಳಿಕೆಗಳನ್ನು ಕೂಡಿಸಿ ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಸಿಜಿಪಿಎ.

ಆ ಹುಡುಗಿಯ ಮೊದಲ ನಾಲ್ಕು ಸೆಮಿಸ್ಟರ್‌ಗಳಲ್ಲಿ ತಲಾ 20 ಕ್ರೆಡಿಟ್‌ಗಳಿದ್ದವು. ಎಸ್‌ಜಿಪಿಎಗಳು ಕ್ರಮವಾಗಿ 5.9, 6.1, 6.4 ಮತ್ತು 6.6. ಗಳಿಕೆಗಳು 118, 122, 128 ಮತ್ತು 132. ಒಟ್ಟು 500. ಅದನ್ನು 80 ಕ್ರೆಡಿಟ್‌ಗಳಿಂದ ಭಾಗಿಸಿದರೆ ಸಿಜಿಪಿಎ 6.25. ಹತ್ತರಿಂದ ಗುಣಿಸಿದರೆ 62.5, ಹುಡುಗಿ ಹೇಳಿದ್ದು ಇದನ್ನೇ. ಮುಕ್ಕಾಲು ಅಂಶ ಕಳೆದು ಗುಣಿಸಿದರೆ 55. ಒಂದು ಸೂತ್ರದಲ್ಲಿ ಗೆರೆಯ ಮೇಲಿದ್ದಾಳೆ, ಇನ್ನೊಂದರಲ್ಲಿ ಗೆರೆಗಿಂತ ಐದು ಅಂಶ ಕೆಳಗಿದ್ದಾಳೆ. ಅಂಕಗಳು ಅವೇ, ಹುಡುಗಿ ಆಕೆಯೇ.

ಮೂರನೆಯ ಹೆಜ್ಜೆಯಲ್ಲಿಯೇ ಹೆಚ್ಚಿನವರು ಎಡವುವುದು. "ಇನ್ನೂ ನಾಲ್ಕು ಸೆಮಿಸ್ಟರ್ ಉಳಿದಿವೆ, ಸರಿಪಡಿಸಿಕೊಳ್ಳಬಹುದು" ಎನ್ನುತ್ತಾರೆ. ಪದವಿಗೆ ನಾಲ್ಕು ಉಳಿದಿರುವುದು ನಿಜ. ಆದರೆ ಕಂಪನಿಗಳು ಪದವಿ ಮುಗಿಯುವವರೆಗೆ ಕಾಯುವುದಿಲ್ಲ. ಕ್ಯಾಂಪಸ್ ಆಯ್ಕೆ ಸಾಮಾನ್ಯವಾಗಿ ಏಳನೆಯ ಸೆಮಿಸ್ಟರ್‌ನಲ್ಲಿ ಆರಂಭವಾಗುತ್ತದೆ. ಅಂದು ಕಾಲೇಜಿನ ಕೈಯಲ್ಲಿರುವುದು ಆರನೆಯ ಸೆಮಿಸ್ಟರ್‌ವರೆಗಿನ ಫಲಿತಾಂಶ ಮಾತ್ರ. ಹೀಗಾಗಿ ಆ ಹುಡುಗಿಗೆ ನಿಜವಾಗಿ ಉಳಿದಿದ್ದುದು ಐದು ಮತ್ತು ಆರನೆಯ ಸೆಮಿಸ್ಟರ್‌ಗಳೆರಡೇ. ಆಕೆಯ ಸ್ಕೀಮ್‌ನಲ್ಲಿ ಐದನೆಯದಕ್ಕೆ 22, ಆರನೆಯದಕ್ಕೆ 18, ಒಟ್ಟು 40 ಕ್ರೆಡಿಟ್‌ಗಳು.

ಈಗ ಕಠಿಣ ಸೂತ್ರದಿಂದ ನೋಡೋಣ. ಶೇಕಡಾ 60ಕ್ಕೆ ಸಿಜಿಪಿಎ 6.75 ಬೇಕು. ಆರು ಸೆಮಿಸ್ಟರ್‌ಗಳಿಗೆ 120 ಕ್ರೆಡಿಟ್‌ಗಳು. 120ನ್ನು 6.75ರಿಂದ ಗುಣಿಸಿದರೆ 810. ಈಗಾಗಲೇ ಇರುವ ಗಳಿಕೆ 500. ಇನ್ನೂ ಬೇಕಾದುದು 310. ಅದನ್ನು ಉಳಿದ 40 ಕ್ರೆಡಿಟ್‌ಗಳಿಗೆ ಹಂಚಿದರೆ 7.75. ಅಂದರೆ ಎರಡು ಸೆಮಿಸ್ಟರ್‌ಗಳಲ್ಲಿ ಆಕೆ ಸರಾಸರಿ 7.75 ಪಡೆಯಬೇಕು. ನಾಲ್ಕು ಸೆಮಿಸ್ಟರ್ ಉಳಿದಿವೆಯೆಂದು ಭಾವಿಸಿ ಇದೇ ಲೆಕ್ಕ ಹಾಕಿದ್ದರೆ 160 ಕ್ರೆಡಿಟ್‌ಗಳಿಗೆ 1080 ಬೇಕಾಗಿ, ಉಳಿದ 80ಕ್ಕೆ 580 ಹಂಚಿ, 7.25 ಸಾಕೆಂದು ಉತ್ತರ ಬರುತ್ತಿತ್ತು. ಆ 7.25ನ್ನು ನಂಬಿ ಓದಿದವಳು ತಾನು ಗುರಿ ಮುಟ್ಟಿದೆನೆಂದು ಭಾವಿಸಿದ ದಿನವೇ ಪಟ್ಟಿಯಿಂದ ಹೊರಗಿರುತ್ತಿದ್ದಳು. ಸುಲಭ ಸೂತ್ರವೇ ಅನ್ವಯಿಸುವುದಾದರೆ 120ಕ್ಕೆ 720 ಸಾಕು. 500 ಕಳೆದು 220 ಉಳಿಯುತ್ತದೆ. 40ರಿಂದ ಭಾಗಿಸಿದರೆ 5.5. ಅದನ್ನು ಆಕೆ ಎಂದಿನಂತೆ ಓದಿದರೂ ದಾಟುತ್ತಾಳೆ. ಯಾವುದನ್ನು ಗುರಿಯಾಗಿಟ್ಟುಕೊಳ್ಳಬೇಕು? ಸೂತ್ರ ಖಚಿತವಾಗುವವರೆಗೆ ಕಠಿಣವಾದುದನ್ನೇ ಇಟ್ಟುಕೊಳ್ಳಬೇಕು. ಅದು ಅಗತ್ಯವಿರಲಿಲ್ಲವೆಂದು ಮುಂದೆ ತಿಳಿದರೆ ನಷ್ಟವೇನೂ ಇಲ್ಲ.

ಇದೇ ಲೆಕ್ಕ ಆಸೆಗಳ ಎಲ್ಲೆಯನ್ನೂ ತೋರಿಸುತ್ತದೆ. ಕೆಲವು ಕಂಪನಿಗಳ ಗೆರೆ 65ರಲ್ಲಿರುತ್ತದೆ, ಕೆಲವುದರದು 70ರಲ್ಲಿ. ಕಠಿಣ ಸೂತ್ರದಲ್ಲಿ 65ಕ್ಕೆ ಆಕೆಗೆ ಉಳಿದ ಎರಡು ಸೆಮಿಸ್ಟರ್‌ಗಳಲ್ಲಿ ಸರಾಸರಿ 9.25 ಬೇಕು. 70ಕ್ಕೆ ಲೆಕ್ಕ ಹಾಕಿದರೆ 10.75 ಬರುತ್ತದೆ. ಗ್ರೇಡ್ ಪಾಯಿಂಟ್ ಹತ್ತಕ್ಕಿಂತ ಹೆಚ್ಚು ಇರುವುದೇ ಇಲ್ಲ. ಉತ್ತರ ಹತ್ತನ್ನು ದಾಟಿದರೆ ಆ ಬಾಗಿಲು ಮುಚ್ಚಿದೆ ಎಂದರ್ಥ. ಇದನ್ನು ತಿಳಿಯುವುದು ನಿರಾಶೆಗಾಗಿ ಅಲ್ಲ. ತೆರೆದಿರುವ ಬಾಗಿಲು ಯಾವುದೆಂದು ತಿಳಿದರೆ ಶಕ್ತಿಯೆಲ್ಲ ಅಲ್ಲಿಗೆ ವಿನಿಯೋಗವಾಗುತ್ತದೆ.

ಸರಿ, 7.75 ಎಂದರೆ ಪುಸ್ತಕದ ಮುಂದೆ ಕುಳಿತವಳಿಗೆ ಏನರ್ಥ? ಗ್ರೇಡ್ ಪಾಯಿಂಟ್ ಅಂಕಗಳಂತೆ ಒಂದೊಂದಾಗಿ ಏರುವುದಿಲ್ಲ, ಮೆಟ್ಟಿಲುಗಳಂತೆ ಏರುತ್ತದೆ. ನೂರಕ್ಕೆ 60ರಿಂದ 69ರವರೆಗೆ 7 ಪಾಯಿಂಟ್, 70ರಿಂದ 79ರವರೆಗೆ 8, 80ರಿಂದ 89ರವರೆಗೆ 9. ಉಳಿದ 40 ಕ್ರೆಡಿಟ್‌ಗಳಲ್ಲಿ 30 ಕ್ರೆಡಿಟ್‌ಗಳಷ್ಟು ವಿಷಯಗಳಲ್ಲಿ 8 ಪಡೆದರೆ 240, ಮಿಕ್ಕ 10 ಕ್ರೆಡಿಟ್‌ಗಳಲ್ಲಿ 7 ಪಡೆದರೆ 70, ಒಟ್ಟು 310. ಸರಿಯಾಗಿ ಬೇಕಾದಷ್ಟೇ. ಅಂದರೆ ನಾಲ್ಕರಲ್ಲಿ ಮೂರು ಪಾಲು ವಿಷಯಗಳಲ್ಲಿ ಎಪ್ಪತ್ತು ದಾಟಬೇಕು, ಒಂದು ಪಾಲಿನಲ್ಲಿ ಅರವತ್ತು ದಾಟಿದರೆ ಸಾಕು.

ಈ ಮೆಟ್ಟಿಲಿನ ಗುಣವನ್ನು ಗಮನಿಸಿ. 61 ಬರುತ್ತಿದ್ದ ವಿಷಯದಲ್ಲಿ ಕಷ್ಟಪಟ್ಟು 68 ಪಡೆದರೆ ಸಿಜಿಪಿಎಗೆ ಕವಡೆಯಷ್ಟೂ ಲಾಭವಿಲ್ಲ, ಎರಡಕ್ಕೂ 7 ಪಾಯಿಂಟೇ. ಆದರೆ 68ರಿಂದ 70ಕ್ಕೆ ಏರಿದರೆ, ಆ ಎರಡೇ ಅಂಕಗಳಿಂದ ನಾಲ್ಕು ಕ್ರೆಡಿಟ್ ವಿಷಯದಲ್ಲಿ ನಾಲ್ಕು ಗಳಿಕೆ ಸೇರುತ್ತದೆ. ಆದ್ದರಿಂದ ಯಾವ ವಿಷಯ ಯಾವ ಮೆಟ್ಟಿಲಿನ ಅಂಚಿನಲ್ಲಿದೆ ಎಂಬುದನ್ನು ಪರೀಕ್ಷೆಗೆ ಮೊದಲೇ ತಿಳಿಯಬೇಕು.

ಅದನ್ನು ತಿಳಿಯುವ ದಾರಿ ಇಂಟರ್ನಲ್ ಅಂಕಗಳು. ವಿಟಿಯುವಿನ ಇತ್ತೀಚಿನ ಸ್ಕೀಮ್‌ಗಳಲ್ಲಿ ಇಂಟರ್ನಲ್‌ಗೆ 50, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 50. ಥಿಯರಿ ಪರೀಕ್ಷೆಯನ್ನು ನೂರು ಅಂಕಗಳಿಗೆ ಬರೆಸಿ ಐವತ್ತಕ್ಕೆ ಇಳಿಸುತ್ತಾರೆ. ಒಂದು ವಿಷಯದಲ್ಲಿ ಹುಡುಗಿಗೆ ಇಂಟರ್ನಲ್ 42 ಇದೆ ಎನ್ನೋಣ. 70 ಮುಟ್ಟಲು ಇನ್ನೂ 28 ಬೇಕು. ಅಂದರೆ ನೂರರ ಪ್ರಶ್ನೆಪತ್ರಿಕೆಯಲ್ಲಿ 56. ಇಂಟರ್ನಲ್ 34 ಮಾತ್ರ ಇದ್ದರೆ 36 ಬೇಕು. ಅಂದರೆ ಪ್ರಶ್ನೆಪತ್ರಿಕೆಯಲ್ಲಿ 72. ಇಂಟರ್ನಲ್‌ನಲ್ಲಿ ಕಳೆದುಕೊಂಡ 8 ಅಂಕಗಳಿಗೆ ಕೊನೆಯ ಪರೀಕ್ಷೆಯಲ್ಲಿ 16 ಅಂಕಗಳ ದಂಡ ತೆರಬೇಕು. ಮನೆಯ ಮದುವೆಗೆಂದು, ಊರಿನ ಕಾರ್ಯಕ್ರಮಕ್ಕೆಂದು ಇಂಟರ್ನಲ್ ಪರೀಕ್ಷೆಯ ವಾರದಲ್ಲಿ ಮಕ್ಕಳನ್ನು ಕರೆಸಿಕೊಳ್ಳುವ ಪೋಷಕರು ಈ ದಂಡವನ್ನು ನೆನಪಿಡಬೇಕು. ಹುಡುಗರಿಗಿಂತ ಹೆಣ್ಣುಮಕ್ಕಳನ್ನೇ ನಾವು ಹೀಗೆ ಹೆಚ್ಚು ಕರೆಸಿಕೊಳ್ಳುತ್ತೇವೆ ಎಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ ಪ್ರತಿ ಫಲಿತಾಂಶದ ನಂತರ ಲೆಕ್ಕವನ್ನು ಹೊಸದಾಗಿ ಹಾಕುವುದು. ಆ ಹುಡುಗಿಯ ಐದನೆಯ ಸೆಮಿಸ್ಟರ್‌ನ ಫಲಿತಾಂಶ ಬಂದಿದೆ. ಎಸ್‌ಜಿಪಿಎ 7.5. ಮನೆಯಲ್ಲಿ ಸಂತೋಷ, ಅದು ಸಹಜವೂ ಹೌದು, 6.6ರಿಂದ ಏರಿದ್ದಾಳೆ. ಆದರೆ 22 ಕ್ರೆಡಿಟ್‌ಗಳಿಗೆ 7.5ರಂತೆ ಗಳಿಕೆ 165. 310ರಲ್ಲಿ 165 ಕಳೆದರೆ 145. ಅದನ್ನು ಆರನೆಯ ಸೆಮಿಸ್ಟರ್‌ನ 18 ಕ್ರೆಡಿಟ್‌ಗಳಿಗೆ ಹಂಚಿದರೆ 8.06ಕ್ಕೆ ಬರುತ್ತದೆ. ಈಗ ಎಲ್ಲ ವಿಷಯಗಳಲ್ಲೂ ಎಪ್ಪತ್ತು ದಾಟಿದರೂ 144 ಮಾತ್ರ ಆಗುತ್ತದೆ. ಒಂದು ಗಳಿಕೆ ಕಡಿಮೆ! ಆದ್ದರಿಂದ ಕನಿಷ್ಠ ಒಂದು ವಿಷಯದಲ್ಲಿ ಎಂಬತ್ತು ದಾಟಲೇಬೇಕು. ಪ್ರಯೋಗಾಲಯದ ಒಂದು ಕ್ರೆಡಿಟ್ ವಿಷಯವಾದರೂ ಸಾಕು. ಈ ಒಂದು ಗಳಿಕೆಯ ಕೊರತೆ ಸೆಮಿಸ್ಟರ್‌ನ ಆರಂಭದಲ್ಲಿ ತಿಳಿದರೆ ಅದೊಂದು ಗುರಿ. ಮುಗಿದ ಮೇಲೆ ತಿಳಿದರೆ ಅದೊಂದು ಪಶ್ಚಾತ್ತಾಪ. ಆಕೆ ಈಗ ಆರನೆಯ ಸೆಮಿಸ್ಟರ್‌ನಲ್ಲಿದ್ದಾಳೆ. ಎಂಬತ್ತರ ಗುರಿಯನ್ನು ಒಂದಕ್ಕಲ್ಲ, ಎರಡು ವಿಷಯಗಳಿಗೆ ಇಟ್ಟುಕೊಂಡಿದ್ದಾಳೆ.

ಇನ್ನೊಂದು ಮರೆಯಾದ ಗುಂಡಿಯಿದೆ. ಅದು ಬ್ಯಾಕ್‌ಲಾಗ್. ವಿಟಿಯು ನಿಯಮದಲ್ಲಿ ಎಸ್‌ಜಿಪಿಎ ಲೆಕ್ಕಕ್ಕೆ ಅನುತ್ತೀರ್ಣವಾದ ವಿಷಯದ ಕ್ರೆಡಿಟ್ ಸೇರುತ್ತದೆ, ಅದರ ಪಾಯಿಂಟ್ ಸೊನ್ನೆ. ಆದರೆ ಸಿಜಿಪಿಎ ಲೆಕ್ಕದಲ್ಲಿ ಆ ವಿಷಯವನ್ನು ತೇರ್ಗಡೆಯಾಗುವವರೆಗೆ ಹೊರಗಿಡುತ್ತಾರೆ. ಇದರಿಂದ ಒಂದು ಭ್ರಮೆ ಹುಟ್ಟುತ್ತದೆ. 80 ಕ್ರೆಡಿಟ್‌ಗಳಲ್ಲಿ 4 ಕ್ರೆಡಿಟ್‌ನ ಒಂದು ವಿಷಯ ಉಳಿಸಿಕೊಂಡ ವಿದ್ಯಾರ್ಥಿಯೊಬ್ಬನ ಗಳಿಕೆ 500 ಎಂದಿಟ್ಟುಕೊಳ್ಳಿ. ಅವನ ಸಿಜಿಪಿಎಯನ್ನು 76ರಿಂದ ಭಾಗಿಸುತ್ತಾರೆ, 6.58 ಕಾಣುತ್ತದೆ. ಮುಂದೆ ಅವನು ಆ ವಿಷಯವನ್ನು ಕನಿಷ್ಠ ಅಂಕಗಳಿಂದ ಪಾಸು ಮಾಡಿದರೆ 4 ಪಾಯಿಂಟ್‌ನಂತೆ 16 ಸೇರಿ 516 ಆಗುತ್ತದೆ. ಅದನ್ನು 80ರಿಂದ ಭಾಗಿಸಿದರೆ 6.45. ಪಾಸಾದ ಮೇಲೆ ಸಿಜಿಪಿಎ ಇಳಿಯಿತು! ಆದ್ದರಿಂದ ಬ್ಯಾಕ್‌ಲಾಗ್ ಇರುವವರು ಕಾಣುತ್ತಿರುವ ಸಿಜಿಪಿಎಯನ್ನು ನಂಬದೆ, ಆ ವಿಷಯಕ್ಕೆ 4 ಪಾಯಿಂಟ್ ಹಾಕಿಯೇ ಲೆಕ್ಕ ಮಾಡಬೇಕು. ಇದಲ್ಲದೆ ಅನೇಕ ಕಂಪನಿಗಳು ಬಾಕಿ ವಿಷಯ ಇರುವವರನ್ನು ಪರೀಕ್ಷೆಗೆ ಕೂರಿಸುವುದೇ ಇಲ್ಲ. ಹಾಗಾಗಿ ಸರಾಸರಿ ಏರಿಸುವ ಓದಿಗಿಂತ ಬಾಕಿ ತೀರಿಸುವ ಓದು ಮೊದಲು.

ಪಾಲಿಟೆಕ್ನಿಕ್ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದವರು ನಮ್ಮ ಜಿಲ್ಲೆಯಲ್ಲಿ ಅನೇಕರಿದ್ದಾರೆ. ಅವರ ಲೆಕ್ಕ ಮೂರನೆಯ ಸೆಮಿಸ್ಟರ್‌ನಿಂದ ಆರಂಭವಾಗುತ್ತದೆ. ಆರನೆಯ ಸೆಮಿಸ್ಟರ್‌ವರೆಗೆ ಅವರದು 120 ಅಲ್ಲ, ಸುಮಾರು 80 ಕ್ರೆಡಿಟ್. ತಕ್ಕಡಿಯಲ್ಲಿ ತೂಕ ಕಡಿಮೆಯಿದ್ದಾಗ ಮುಳ್ಳು ಬೇಗ ಅಲುಗುತ್ತದೆ. ಅವರಿಗೆ ಒಂದು ಒಳ್ಳೆಯ ಸೆಮಿಸ್ಟರ್ ಹೆಚ್ಚು ಎತ್ತುತ್ತದೆ, ಒಂದು ಕೆಟ್ಟ ಸೆಮಿಸ್ಟರ್ ಹೆಚ್ಚು ಬೀಳಿಸುತ್ತದೆ.

ಕೊನೆಯದಾಗಿ, ಕಂಪನಿಯ ಪ್ರಕಟಣೆಯನ್ನು ಅಕ್ಷರಶಃ ಓದುವ ಅಭ್ಯಾಸ ಬೇಕು. ಟಿಸಿಎಸ್‌ನಂಥ ದೊಡ್ಡ ಕಂಪನಿಯ ಪ್ರಕಟಣೆಗಳಲ್ಲಿ "ಶೇಕಡಾ 60 ಅಥವಾ 6 ಸಿಜಿಪಿಎ" ಎಂಬ ಮಾತು ಬಂದಿದೆ. ಆ 'ಅಥವಾ' ಎಂಬುದು ಸಣ್ಣ ಪದವಲ್ಲ. ಅಂಥ ಪ್ರಕಟಣೆಯಲ್ಲಿ ನಾನು ಮೊದಲು ಹೇಳಿದ ಅಣ್ಣನೂ ತನ್ನ 6.4ರೊಂದಿಗೆ ಅರ್ಜಿ ಹಾಕಬಹುದಿತ್ತು. ಒಂದು ಪಟ್ಟಿಯಲ್ಲಿ ಹೆಸರಿಲ್ಲವೆಂದು ಆತ ಉಳಿದ ಪ್ರಕಟಣೆಗಳನ್ನು ಓದುವುದನ್ನೇ ಬಿಟ್ಟ. ಪ್ರಕಟಣೆ ಶೇಕಡಾವನ್ನು ಮಾತ್ರ ಕೇಳಿದರೆ ನಿಮ್ಮ ಸ್ಕೀಮ್‌ನ ಸೂತ್ರದಿಂದಲೇ ಪರಿವರ್ತಿಸಿ ಬರೆಯಬೇಕು. ಆಸೆಯಿಂದ ಹತ್ತರಿಂದ ಗುಣಿಸಿ ಬರೆದ ಸಂಖ್ಯೆ ದಾಖಲೆ ಪರಿಶೀಲನೆಯ ದಿನ ಸುಳ್ಳೆಂದು ಸಾಬೀತಾದರೆ ಸಿಕ್ಕ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಅನೇಕ ಪ್ರಕಟಣೆಗಳು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯಲ್ಲೂ ಶೇಕಡಾ 60 ಕೇಳುತ್ತವೆ. ಅದನ್ನು ಈಗ ಬದಲಿಸಲಾಗದು. ಅಲ್ಲಿ ಕಡಿಮೆಯಿರುವವರು ಅಂಥ ಷರತ್ತಿಲ್ಲದ ಕಂಪನಿಗಳನ್ನು ಮೊದಲೇ ಗುರುತಿಸಿಕೊಳ್ಳಬೇಕು. ಕೈಯಲ್ಲಿ ಪಿಯುಸಿ ಓದುವ ಮಕ್ಕಳಿರುವ ಪೋಷಕರು ಇದನ್ನು ಇಂದೇ ತಿಳಿದುಕೊಳ್ಳಲಿ.

ಆ ದಿನ ಲೆಕ್ಕ ಮುಗಿದ ಮೇಲೆ ಆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ, "ಸರ್, ಹಿರಿ ಮಗಂದು ನಾಲ್ಕನೇ ಸೆಮಿಸ್ಟರಿಗೆ ಹಿಂಗ ಕುಂತು ನೋಡಿದ್ರ ಆಗ್ತಿತ್ತೇನ್ರಿ?" ಎಂದು ಕೇಳಿದರು. ಆಗುತ್ತಿತ್ತೋ ಇಲ್ಲವೋ ಯಾರು ಬಲ್ಲರು? ಗೊತ್ತಾಗುತ್ತಿತ್ತು ಎಂದಷ್ಟೇ ನಾನು ಹೇಳಿದೆ. ನಿಮ್ಮಲ್ಲಿ ಮೂರು, ನಾಲ್ಕನೆಯ ಸೆಮಿಸ್ಟರ್‌ನ ಮಕ್ಕಳಿರುವವರು ಇಂದು ರಾತ್ರಿ ಅಂಕಪಟ್ಟಿಗಳನ್ನು ತೆಗೆದಿಟ್ಟು, ಗಳಿಕೆ ಎಷ್ಟು, ಏಳನೆಯ ಸೆಮಿಸ್ಟರ್‌ಗೆ ಮೊದಲು ಉಳಿದ ಕ್ರೆಡಿಟ್ ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಬರೆದಿಡಿ. ಉಳಿದುದು ಒಂದು ಕಳೆಯುವ, ಒಂದು ಭಾಗಿಸುವ ಲೆಕ್ಕ.